ಒಂದು ಪದ ಕಡಿಮೆ

ಕತ್ರಿಗುಪ್ಪೆಯ ತನ್ನ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕೂತು ರೇಖಾ ಅಮ್ಮನಿಗೆ ಪುಸ್ತಕ ಓದಿ ಹೇಳುತ್ತಿದ್ದಳು. ಪುಸ್ತಕ ಅಂದರೆ ದೊಡ್ಡದೇನಲ್ಲ, ನುಣುಪು ಕಾಗದದ ಸ್ಮರಣ ಸಂಚಿಕೆ. ಇಟ್ಟಮಡುವಿನ ಸೋದರಮಾವ ಬೋರಣ್ಣನಿಗೆ ಎಂಬತ್ತು ತುಂಬುತ್ತಿತ್ತು. ಮುಂದಿನ ಭಾನುವಾರ ಬನಶಂಕರಿಯ ಒಂದು ಛತ್ರದಲ್ಲಿ ಸಮಾರಂಭ. ಮಗ ಕೆಂಪರಾಜು ಮುತುವರ್ಜಿಯಿಂದ ಐನೂರು ಪ್ರತಿ ಅಚ್ಚು ಹಾಕಿಸಿ, ನೆಂಟರ ಮನೆಗಳಿಗೆ ಮುಂಚಿತವಾಗಿಯೇ ಒಂದೊಂದು ಕಳಿಸಿದ್ದ.

ರೇಖಾಳ ಅಮ್ಮ ಮುನಿಲಕ್ಷ್ಮಮ್ಮ ಬೋರಣ್ಣನ ಒಬ್ಬಳೇ ತಂಗಿ. ಎಪ್ಪತ್ತಾರು ವಯಸ್ಸು, ಮಂಡಿ ನೋವು ಬಿಟ್ಟರೆ ಗಟ್ಟಿ. ಓದು ಬರದು. ಬೆಳಗಿನ ವ್ಯಾಪಾರ ಮುಗಿದ ಮೇಲೆ ಅಂಗಡಿಯ ಒಳಗೆ ಸ್ಟೂಲಿನ ಮೇಲೆ ಕೂತು ಚಕ್ಕುಲಿ ಪ್ಯಾಕೆಟ್ಟುಗಳಿಗೆ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಅಣ್ಣನ ಹೊಲ, ಅಣ್ಣನ ಎತ್ತು, ಅಣ್ಣ ಕಟ್ಟಿಸಿದ ಮನೆಗಳು ಎಂದೆಲ್ಲ ಮಗಳು ಓದುತ್ತಿದ್ದರೆ ಅವಳು ಹೂಂಗುಟ್ಟುತ್ತ ಅಂಟಿಸುತ್ತಿದ್ದಳು.

ಹದಿಮೂರನೇ ಪುಟಕ್ಕೆ ಬಂದಾಗ ರೇಖಾ ನಿಂತುಬಿಟ್ಟಳು.

"ಯಾಕಮ್ಮ, ಓದು. ಏನ್ ಬರ್ದವ್ರೆ?"

"ಏನಿಲ್ಲ ಅವ್ವ. ಫೋಟೊ ಐತೆ."

"ಸುಳ್ಳು ಹೇಳ್ಬೇಡ. ನಿನ್ ಮುಖ ಕೆಂಪಾಗೈತೆ."

ಪುಟದ ತಲೆಬರಹ 'ಕಷ್ಟದ ದಿನಗಳು'. ಅದರಡಿ ಒಂದು ಚೌಕದಲ್ಲಿ, ಚೆಂದದ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ ಹೀಗೆ ಅಚ್ಚಾಗಿತ್ತು: "Starting night train. Bury. Not wait for me. Munilakshmi." ಅದರ ಕೆಳಗೆ ಕನ್ನಡದಲ್ಲಿ: "ರಾತ್ರಿ ರೈಲಿಗೆ ಹೊರಡುತ್ತಿದ್ದೇನೆ. ಹೂಳಿಬಿಡಿ. ನನಗಾಗಿ ಕಾಯಬೇಡಿ. ಮುನಿಲಕ್ಷ್ಮಿ." ಮತ್ತೂ ಕೆಳಗೆ: "ತಮ್ಮ ತಂದೆ ಬೋರಯ್ಯನವರು ತೀರಿಕೊಂಡಾಗ ಒಡಹುಟ್ಟಿದ ತಂಗಿಯೇ ಹೀಗೆ ತಾರು ಕೊಟ್ಟರೂ ಎದೆಗುಂದದೆ, ಎಲ್ಲ ಹೊಣೆಯನ್ನೂ ಒಬ್ಬರೇ ಹೊತ್ತ ಧೀಮಂತರು ನಮ್ಮ ತಂದೆಯವರು."

ರೇಖಾ ಓದಲೇಬೇಕಾಯಿತು. ಓದಿದಳು. ಮುನಿಲಕ್ಷ್ಮಮ್ಮ ಕೈಯಲ್ಲಿದ್ದ ಸ್ಟಿಕ್ಕರನ್ನು ಎಲ್ಲಿ ಅಂಟಿಸುವುದೆಂದು ತಿಳಿಯದೆ ತನ್ನ ಬೆರಳಿಗೇ ಅಂಟಿಸಿಕೊಂಡಳು.

"ಬುಕ್ಕಲ್ಲೂ ಹಾಕ್ಬುಟ್ರಾ," ಅಂದಳು. "ಬಾಯಲ್ ಅಂದಿದ್ದು ಸಾಲ್ದೆ."

ಬಾಯಲ್ಲಿ ಅಂದದ್ದು ಕಡಿಮೆಯೇನಲ್ಲ. ಎಪ್ಪತ್ತೊಂಬತ್ತನೇ ಇಸವಿಯ ಏಪ್ರಿಲ್ಲಿನಲ್ಲಿ ಬೋರಯ್ಯ ತೀರಿಕೊಂಡಾಗ ಮುನಿಲಕ್ಷ್ಮಮ್ಮ ಗಂಡ ಗಂಗಯ್ಯನ ಜೊತೆ ಭದ್ರಾವತಿಯಲ್ಲಿದ್ದಳು. ಗಂಗಯ್ಯನಿಗೆ ಅಲ್ಲಿ ಕಾರ್ಖಾನೆ ಕೆಲಸ. ಮಧ್ಯಾಹ್ನ ಬೆಂಗಳೂರಿನಿಂದ ತಾರು ಬಂತು. ಇವರು ಉತ್ತರ ಕೊಟ್ಟು, ಐದು ವರ್ಷದ ರೇಖಾಳನ್ನು ಎತ್ತಿಕೊಂಡು ರಾತ್ರಿ ರೈಲು ಹತ್ತಿದರು. ಬೆಳಗ್ಗೆ ಇಟ್ಟಮಡುವಿಗೆ ಬಂದು ನೋಡಿದರೆ ಅಪ್ಪನಿಲ್ಲ, ಹಸಿ ಮಣ್ಣಿನ ದಿಬ್ಬ. "ನಾನ್ ಕಾಯಿ ಅಂದಿದ್ನಲ್ಲೋ ಅಣ್ಣ" ಎಂದು ಅವಳು ಎದೆ ಬಡಿದುಕೊಂಡರೆ, ಬೋರಣ್ಣ ಜನರ ಮುಂದೆ ತಾರಿನ ಚೀಟಿ ತೋರಿಸಿದ. "ನೀನೇ ಕಾಯ್ಬೇಡ ಅಂತ ತಾರು ಕೊಟ್ಟಿದ್ದೀಯ. ಸ್ಕೂಲ್ ಮೇಷ್ಟ್ರು ಓದಿ ಹೇಳವ್ರೆ." ಅವತ್ತಿನಿಂದ ಊರಿನ ಹೆಂಗಸರ ಬಾಯಲ್ಲಿ ಅವಳು ಹೆತ್ತಪ್ಪನ ಮುಖ ನೋಡಲೂ ಮನಸ್ಸಿಲ್ಲದ ಮಗಳು. ಮದುವೆ ಮನೆಗಳಲ್ಲಿ, ಸೀಮಂತಗಳಲ್ಲಿ, ಯಾರಾದರೂ ಒಬ್ಬರು ನಗುನಗುತ್ತಲೇ ಚುಚ್ಚುವುದು ಇದ್ದೇ ಇತ್ತು. ಗಂಗಯ್ಯ ಬದುಕಿರುವವರೆಗೂ "ನಾವು ಹಂಗ್ ಕೊಡ್ಲಿಲ್ಲ" ಎಂದು ಹೇಳಿ ಹೇಳಿ ಸೋತ.

"ತಾರು ಒಂದೇ ಅಲ್ಲ," ಅಂದಳು ಮುನಿಲಕ್ಷ್ಮಮ್ಮ. "ನಿಮ್ಮಪ್ಪ ಒಂದ್ ಕಾರ್ಡೂ ಬರ್ದಾಕಿದ್ರು. ತಾರಾಫೀಸಿನ ಗುಮಾಸ್ತರು, ತಾರಲ್ಲಿ ಏನಾರ ತಪ್ಪಾದ್ರೆ ಇರ್ಲಿ, ಅದನ್ನೇ ಕಾರ್ಡಲ್ಲೂ ಬರ್ದಾಕಿ ಅಂದಿದ್ರು. ಆಮೇಲ್ ನಾನು ಅಣ್ಣನ್ನ ಕೇಳ್ದೆ. ಕಾರ್ಡೂ ಬಂದಿಲ್ಲ, ಗೀರ್ಡೂ ಬಂದಿಲ್ಲ ಅಂದ."

ರೇಖಾ ಮತ್ತೆ ಪುಟ ನೋಡಿದಳು. ಹಳೆಯ ಕಾಲದ ಕಳೆ ಬರಲೆಂದು ಆ ಪುಟದ ಹಿನ್ನೆಲೆಗೆ ಕೆಂಪರಾಜು ಒಂದು ಪೋಸ್ಟ್‌ಕಾರ್ಡಿನ ವಿಳಾಸದ ಬದಿಯನ್ನು ಮಸುಕಾಗಿ ಹಾಕಿಸಿದ್ದ. ಮಸುಕಾದರೂ ಕಪ್ಪು ಮುದ್ರೆಗಳು ಎದ್ದು ಕಾಣುತ್ತಿದ್ದವು. ಬಲಗಡೆ ಅಂಚೆಚೀಟಿಯ ಮೇಲೆ ದುಂಡಗೆ ದಪ್ಪಕ್ಷರದಲ್ಲಿ BHADRAVATI, ನಡುವೆ 11 APR 79. ಎಡಗಡೆ ತಲುಪಿದ ಕಚೇರಿಯ ಇನ್ನೊಂದು ಮುದ್ರೆ, ಅರ್ಧ ಮಾತ್ರ ಬಿದ್ದದ್ದು, ಊರಿನ ಹೆಸರಿನ ಬಾಲ ಮಾತ್ರ. ಆದರೆ ತಾರೀಖು ಸ್ಪಷ್ಟ, 13 APR 79. ಮೇಲಿನ ಮೂಲೆಯಲ್ಲಿ ಶಾಯಿಯಲ್ಲಿ, ಬೇರೆ ಯಾರದೋ ತರಬೇತಾದ ಕೈಯಲ್ಲಿ: POST COPY IN CONFIRMATION, ತಾರನ್ನು ಖಚಿತಪಡಿಸುವ ಅಂಚೆ ಪ್ರತಿ ಎಂದು.

ಬಂದಿಲ್ಲವೆಂದ ಕಾರ್ಡು. ಅದನ್ನೇ ಅಲಂಕಾರಕ್ಕೆ ಹಾಕಿದ್ದಾರೆ!

"ಅವ್ವ, ಅಂಗಡಿ ನೋಡ್ಕೊ. ಬರ್ತೀನಿ," ಎಂದು ಸ್ಕೂಟರ್ ಹತ್ತಿದಳು.

*

ಬೋರಣ್ಣನ ಮನೆ ಇಟ್ಟಮಡುವಿನ ಹಳೇ ಊರ ಬೀದಿಯಲ್ಲಿ ನಾಲ್ಕು ಅಂತಸ್ತಿನದು. ಮೇಲಿನ ಮೂರರಲ್ಲಿ ಪಿಜಿ ಹುಡುಗರು, ಕೆಳಗೆ ಮನೆಯವರು. ಕೆಂಪರಾಜು ಹಾಲಿನಲ್ಲಿ ಕೂತು ಅಡಿಗೆ ಭಟ್ಟರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ರೇಖಾಳನ್ನು ಕಂಡು ಫೋನ್ ಇಟ್ಟ.

"ಬಾ ರೇಖಾ. ಬುಕ್ ಸಿಕ್ತಾ? ಹೆಂಗೈತೆ, ಸಖತ್ತಾಗಿ ಬಂದೈತಲ್ವಾ?"

"ಬಾವ, ಹದಿಮೂರನೇ ಪೇಜಿಗೆ ಫುಲ್‌ಸ್ಟಾಪ್ ಇಟ್ಟೋರ್ಯಾರು?"

ಕೆಂಪರಾಜುಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳು ಪುಸ್ತಕ ಬಿಚ್ಚಿ ತೋರಿಸಿದಳು.

"ಓ ಅದಾ. ಹಳೇ ಟೆಲಿಗ್ರಾಂ ಕಣಮ್ಮ, ಎಲ್ಲಾ ಕ್ಯಾಪಿಟಲ್ ಲೆಟರು, ಒಂದ್ ಕಾಮಾ ಇಲ್ಲ ಏನಿಲ್ಲ. ಹಂಗೇ ಹಾಕಿದ್ರೆ ಯಾರ್ ಓದ್ತಾರೆ? ಫೋಟೊ ತೆಗ್ದು ಆ್ಯಪ್‌ಗೆ ಹಾಕ್ದೆ. ಅದೇ ನೀಟಾಗಿ ಮಾಡ್ಕೊಡ್ತು, ಕನ್ನಡಾನೂ ಮಾಡ್ಕೊಡ್ತು. ಅಪ್ಪ ಯಾವಾಗ್ಲೂ ಹೇಳ್ತಿದ್ದಂಗೇ ಐತಲ್ಲ ಅಂತ ಬಿಟ್ಟೆ."

"ಒರಿಜಿನಲ್ ತೋರ್ಸು."

ಅವನು ಗೊಣಗುತ್ತ ಒಳಗೆ ಹೋಗಿ, ಪತ್ರಗಳನ್ನಿಟ್ಟಿದ್ದ ಪ್ಲಾಸ್ಟಿಕ್ ಫೈಲು ತಂದ. ತಾರಿನ ಹಾಳೆ ನಾಲ್ಕು ಮಡಿಕೆಯಲ್ಲಿತ್ತು, ಮಡಿಕೆಗಳು ಸವೆದು ಬೆಳಕು ಕಾಣುವಷ್ಟು. ಮುದ್ರಿತ ನಮೂನೆಯ ಮೇಲೆ ಬಿಳಿ ಕಾಗದದ ಸಣ್ಣ ಪಟ್ಟಿಗಳನ್ನು ಅಂಟಿಸಿದ್ದರು. ಯಂತ್ರ ಒಂದೇ ಉದ್ದದ ಪಟ್ಟಿಯ ಮೇಲೆ ಅಕ್ಷರ ಒತ್ತುತ್ತ ಹೋಗುವುದು, ಗುಮಾಸ್ತ ಅದನ್ನು ಹರಿದು ಹರಿದು ಸಾಲಾಗಿ ಅಂಟಿಸುವುದು. ಗೋಂದು ಕಂದು ಬಣ್ಣಕ್ಕೆ ತಿರುಗಿ ಪಟ್ಟಿಗಳ ಅಂಚಿನಿಂದ ಇಣುಕುತ್ತಿತ್ತು. ಕೆಳಗೆ ತಾರಾಫೀಸಿನ ದುಂಡು ಮುದ್ರೆ. ಪಟ್ಟಿಗಳಲ್ಲಿ ಇದ್ದದ್ದು ಇಷ್ಟು:

X 1540 BHADRAVATI 11 14

BORANNA ITTAMADU BANASHANKARI BANGALORE

STARTING NIGHT TRAIN BURY NOT WAIT FOR ME

MUNILAKSHMI

ಚುಕ್ಕೆಯಿಲ್ಲ, ಅಲ್ಪವಿರಾಮವಿಲ್ಲ. ಎಲ್ಲ ಒಂದೇ ಎತ್ತರದ ದೊಡ್ಡಕ್ಷರ. ಎಲ್ಲಿ ವಾಕ್ಯ ಮುಗಿಯಿತು, ಎಲ್ಲಿ ಇನ್ನೊಂದು ಎದ್ದಿತು ಎಂಬ ಗುರುತೇ ಇಲ್ಲ.

"ನೋಡು ಬಾವ," ಅಂದಳು ರೇಖಾ. "ಈ BURY ಅಂದ್ಮೇಲೆ ನಿಲ್ಸಿ ಓದಿದ್ರೆ, ಹೂಳಿ, ನನಗ್ ಕಾಯ್ಬೇಡಿ. ಬರಿ ನಾಟ್ ಅಂತ ಸೇರ್ಸಿ ಓದಿದ್ರೆ, ಹೂಳ್ಬೇಡಿ, ನನಗ್ ಕಾಯಿರಿ. ಅದೇ ಪದಗಳು. ನೀನ್ ಎಲ್ಲಿ ಚುಕ್ಕೆ ಇಡ್ತೀಯೋ ಹಂಗೆ."

"ಹೂಳ್ಬೇಡಿ ಅನ್ನೋಕೆ ಡು ನಾಟ್ ಬರಿ ಅಂತಾರಪ್ಪ. ಬರಿ ನಾಟ್ ಯಾವ ಇಂಗ್ಲಿಷು?"

"ತಾರಿನ ಇಂಗ್ಲಿಷು. ಡು ನಾಟ್ ಅಂದ್ರೆ ಎರಡು ಪದ, ಒಂದೊಂದ್ ಪದಕ್ಕೂ ಚಾರ್ಜು. ವಿಳಾಸಕ್ಕೂ ಚಾರ್ಜು, ಸಹಿಗೂ ಚಾರ್ಜು. ಅದಕ್ಕೇ ಕತ್ತರ್ಸಿ ಕತ್ತರ್ಸಿ ಬರೀತಿದ್ರು. ಅಪ್ಪ ಸಾಯೋತನಕ ಇದನ್ನೇ ಹೇಳ್ತಿದ್ರು, ನೀವ್ಯಾರಾದ್ರೂ ಕೇಳಿದ್ರಾ?"

"ಸರಿ, ಎರಡೂ ಥರ ಓದ್ಬಹುದು ಅಂದ್ಕೊ. ಅವತ್ತು ಮೇಷ್ಟ್ರು ಈ ಥರ ಓದಿದ್ರು. ಅದು ಯಾರ್ ತಪ್ಪೂ ಅಲ್ಲ ಬಿಡು."

ಬಿಡು ಎಂಬ ಮಾತು ಕೇಳಿ ರೇಖಾಗೆ ಇನ್ನಷ್ಟು ಉರಿಯಿತು. ನಲವತ್ತೈದು ವರ್ಷ ಒಬ್ಬಳು ತಲೆ ತಗ್ಗಿಸಿಕೊಂಡು ತಿರುಗಿದಳು, ಇವನು ಎರಡಕ್ಷರದಲ್ಲಿ ಮುಗಿಸುತ್ತಾನೆ. ಅವಳು ಹಾಳೆಯನ್ನು ಮತ್ತೆ ಕಣ್ಣಿನ ಹತ್ತಿರ ಹಿಡಿದಳು. ತಲೆಯ ಭಾಗದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇಂಗ್ಲಿಷಿನದೊಂದು ವಾಕ್ಯ ಮುದ್ರಿತವಾಗಿತ್ತು. ಈ ತಾರಿನ ಆರಂಭದಲ್ಲಿರುವ ನಮೂದುಗಳ ಅನುಕ್ರಮ ಹೀಗಿದೆ ಎಂದು ಅದು ಹೇಳುತ್ತಿತ್ತು: ತಾರಿನ ದರ್ಜೆ, ಕೊಟ್ಟ ಸಮಯ, ಹೊರಟ ಕಚೇರಿ, ತಾರೀಖು, ಕೊನೆಯಲ್ಲಿ ಪದಗಳ ಸಂಖ್ಯೆ.

ಅವಳು ಬೆರಳಿಟ್ಟು ಹೊಂದಿಸಿದಳು. ಎಕ್ಸ್ ಅಂದರೆ ಎಕ್ಸ್‌ಪ್ರೆಸ್ ದರ್ಜೆ. ಮಧ್ಯಾಹ್ನ ಮೂರು ನಲವತ್ತು. ಭದ್ರಾವತಿ. ಹನ್ನೊಂದನೇ ತಾರೀಖು. ಹದಿನಾಲ್ಕು ಪದ.

"ಬಾವ, ಪದ ಎಣ್ಸು. ವಿಳಾಸ, ಸಹಿ ಎಲ್ಲಾ ಸೇರ್ಸಿ."

ಅವನು ಬೇಸರದಿಂದಲೇ ಎಣಿಸಿದ. ವಿಳಾಸದ್ದು ನಾಲ್ಕು. ಒಕ್ಕಣೆಯದು ಎಂಟು. ಸಹಿ ಒಂದು.

"ಹದಿಮೂರು."

"ಮೇಲೆ ಎಷ್ಟು ಅಂತ ಒತ್ತವ್ರೆ?"

ಅವನು ನೋಡಿದ. ಇನ್ನೊಮ್ಮೆ ಎಣಿಸಿದ. ಈ ಸಲ ತುಟಿ ಅಲ್ಲಾಡಿಸುತ್ತ, ಪ್ರತಿ ಪದಕ್ಕೂ ಉಗುರು ಒತ್ತುತ್ತ. ಹದಿಮೂರೇ ಬಂತು.

"ಅಲ್ಲಿ ಹದಿನಾಲ್ಕು ಕೊಟ್ಟವ್ರೆ. ಇಲ್ಲಿ ಬಂದಿದ್ದು ಹದಿಮೂರು. ದಾರೀಲಿ ಒಂದು ಬಿದ್ದೋಗೈತೆ," ಅಂದಳು ರೇಖಾ. "ತಾರಲ್ಲಿ ಚುಕ್ಕೆ ಬೇಕಂದ್ರೆ ಸ್ಟಾಪ್ ಅಂತ ಒಂದು ಪದಾನೇ ಬರೀಬೇಕಿತ್ತು, ಅದಕ್ಕೂ ದುಡ್ಡು. ಬರಿ ನಾಟ್ ಸ್ಟಾಪ್ ವೇಟ್ ಫಾರ್ ಮಿ. ಅಪ್ಪ ಆ ಸ್ಟಾಪ್‌ಗೂ ಕೊಟ್ಟಿದ್ರು. ಈ ಕಡೆಯೋರು ಸಂಖ್ಯೆ ತಾಳೆ ನೋಡಿ ಭದ್ರಾವತೀನ ಇನ್ನೊಂದ್ಸಲ ಕೇಳ್ಬೇಕಿತ್ತು. ಕೇಳ್ದೇನೇ ಅಂಟ್ಸಿ ಕಳ್ಸವ್ರೆ."

"ಯಾವ ಪದ ಬಿತ್ತು ಅಂತ ನಿಂಗೆ ಹೆಂಗ್ ಗೊತ್ತು? ಬೇರೆ ಏನೋ ಇರ್ಬಹುದು."

"ಗೊತ್ತಿಲ್ಲ," ಒಪ್ಪಿಕೊಂಡಳು ರೇಖಾ. "ಅದಕ್ಕೇ ಕಾರ್ಡು ತೆಗಿ."

"ಯಾವ್ ಕಾರ್ಡು?"

"ಡಿಸೈನಿಗೆ ಹಾಕಿದ್ಯಲ್ಲ, ಅದೇ."

ಕೆಂಪರಾಜು ಫೈಲಿನೊಳಗೆ ಕೈ ಹಾಕಿ ಕಾರ್ಡು ಎಳೆದ. ಸ್ಟ್ಯಾಂಪು, ಸೀಲು ಚೆನ್ನಾಗಿ ಕಂಡದ್ದಕ್ಕೆ ಆ ಬದಿ ಮಾತ್ರ ಸ್ಕ್ಯಾನ್ ಮಾಡಿಸಿದ್ದನಂತೆ, ತಿರುಗಿಸಿ ನೋಡಿರಲಿಲ್ಲವಂತೆ. ಆಣೆ ಹಾಕಿದ. ರೇಖಾ ಅವನ ಕೈಯಿಂದ ಕಿತ್ತುಕೊಂಡು ತಿರುಗಿಸಿದಳು.

ಅಪ್ಪನ ಅಕ್ಷರ. ರೇಷನ್ ಅಂಗಡಿ ಚೀಲದ ಮೇಲೆ, ಅವಳ ಶಾಲೆಯ ಪುಸ್ತಕಗಳ ಮೇಲೆ ಬರೆಯುತ್ತಿದ್ದ ಅದೇ ಗುಂಡು ಅಕ್ಷರ. ಜಾಗ ಸಾಲದೆ ಪದಗಳನ್ನು ಮೊಟಕು ಮಾಡಿ, ಒಂದು ಚುಕ್ಕೆಯನ್ನೂ ಇಡದೆ ಬರೆದಿದ್ದ:

"ಶ್ರೀ ಬೋರಣ್ಣನವರಿಗೆ ಗಂಗಯ್ಯನು ಮಾಡುವ ನಮಸ್ಕಾರ ತಮ್ಮ ತಾರು ತಲುಪಿತು ಈಗ ತಾನೇ ಉತ್ತರ ತಾರು ಕೊಟ್ಟಿದೆ ಸೌ ಮುನಿಲಕ್ಷ್ಮಿ ಚಿ ರೇಖಾ ನಾನು ರಾತ್ರಿ ರೈಲಿಗೆ ಹೊರಡುತ್ತೇವೆ ಮಣ್ಣು ಮಾಡಬೇಡಿ ನಮಗಾಗಿ ಕಾಯಿರಿ ಅಪ್ಪನ ಮುಖ ನೋಡಬೇಕೆಂದು ಸೌ ಬಹಳ ಅಳುತ್ತಿದ್ದಾಳೆ ಇಂ ಗಂಗಯ್ಯ"

ಇಲ್ಲಿಯೂ ಚುಕ್ಕೆಯಿಲ್ಲ. ಆದರೆ ಇಂಗ್ಲಿಷಿನ ನಾಟ್ ಹಾಗೆ ಎರಡು ಕಡೆಗೂ ವಾಲುವ ಚಂಚಲಬುದ್ಧಿ ಕನ್ನಡದ ಬೇಡಕ್ಕೆ ಇಲ್ಲ. ಅದು ಮಾಡುವಿಕೆಯ ಬೆನ್ನಿಗೇ ಕಚ್ಚಿಕೊಂಡು ಕೂತಿತ್ತು: ಮಾಡಬೇಡಿ. ಯಾವ ಮೇಷ್ಟ್ರೂ, ಯಾವ ಆ್ಯಪೂ ಅದನ್ನು ಕಿತ್ತು ಪಕ್ಕದ ಮಾತಿಗೆ ಅಂಟಿಸಲಾರದು.

ಕೆಂಪರಾಜು ಓದಿದ.

"ಮಾವನ್ನ ಕರಿ," ಅಂದಳು ರೇಖಾ.

*

ಬೋರಣ್ಣ ಕೋಲೂರಿಕೊಂಡು ಬಂದ. ಕಾರ್ಡು ನೋಡಿದ್ದೇ, ಓದುವ ಗೋಜಿಗೂ ಹೋಗದೆ ಸೋಫಾದ ತುದಿಯಲ್ಲಿ ಕೂತ. ಆ ಕಾರ್ಡಿನಲ್ಲಿ ಏನಿದೆಯೆಂದು ಅವನಿಗೆ ಬಾಯಿಪಾಠವೇ ಇದ್ದಂತಿತ್ತು.

"ಹದಿಮೂರನೇ ತಾರೀಖು ಬಂದ ಸೀಲೈತೆ ಮಾವ. ಅವ್ವ ಆಗ ಇದೇ ಮನೇಲಿ ಇದ್ಳು. ತಿಥಿ ಮುಗ್ಯೋತನಕ ಇದ್ಳು. ಕಾರ್ಡ್ ಬಂತಾ ಅಂತ ಕೇಳಿದ್ಳಾ ಇಲ್ವಾ?"

"ಕೇಳಿದ್ಳು."

"ನೀವ್ ಏನಂದ್ರಿ?"

ಬೋರಣ್ಣ ನೆಲ ನೋಡಿದ. "ಬಂದಿಲ್ಲ ಅಂದೆ."

"ಯಾಕೆ?"

"ತಾರು ಬಂದಾಗ ಕತ್ತಲಾಗ್ತಿತ್ತು. ಮೇಷ್ಟ್ರು ಕಾಯ್ಬೇಡ ಅಂತ ಐತೆ ಅಂದ್ರು. ಬಿಸ್ಲು ಕಾಲ, ಊರೋರೂ ಎತ್ತಿ ಎತ್ತಿ ಅಂದ್ರು. ಎತ್ಬುಟ್ವಿ. ಮಾರ್ನೇ ದಿನ ಅವ್ಳು ಬಂದು ಕೂಗಾಡ್ದಾಗ ನಾನು ಹತ್ತು ಜನದ್ ಮುಂದೆ ನೀನೇ ಅಂದಿದ್ದು ಅಂತ ಚೀಟಿ ತೋರ್ಸ್ಬುಟ್ಟಿದ್ದೆ. ಆಮೇಲ್ ಕಾರ್ಡು ಬಂತು. ಹತ್ತು ಜನದ್ ಮುಂದೆ ಅಂದ ಮಾತು, ಹೆಂಗಮ್ಮ ವಾಪಸ್ ತಗೊಳ್ಳೋದು? ನಾಕ್ ದಿನ ಹೋದ್ರೆ ಎಲ್ಲಾ ಮರೀತಾರೆ ಅಂದ್ಕೊಂಡೆ."

"ಮರೀಲಿಲ್ಲ ಮಾವ. ನೀವು ಮರ್ಸ್ಲಿಲ್ಲ. ನಿಮ್ ಮಗಂಗೆ ಕಥೆ ಮಾಡ್ ಹೇಳಿದ್ರಿ. ಅವನು ಐನೂರು ಕಾಪಿ ಹೊಡ್ಸವ್ನೆ."

"ಕಾರ್ಡ್ ಸುಡ್ಲಿಲ್ವಲ್ಲಮ್ಮ ನಾನು," ಅಂದ ಮುದುಕ, ಅದೇ ತನ್ನ ದೊಡ್ಡ ಪುಣ್ಯವೆಂಬಂತೆ. "ಮನಸ್ ಬರ್ಲಿಲ್ಲ."

ಈ ಮಾತಿಗೆ ರೇಖಾ ಏನು ಅನ್ನಬೇಕು? ಸುಡದೆ ಇಟ್ಟದ್ದಕ್ಕೆ ಕೈಮುಗಿಯಬೇಕೆ? ತಿಳಿಯದೆ ಮಾಡಿದ್ದು ಒಂದು ಸಂಜೆಯ ತಪ್ಪು. ತಿಳಿದ ಮೇಲೆ ಬಾಯಿ ಮುಚ್ಚಿಕೊಂಡದ್ದು ಇಷ್ಟು ವರ್ಷಗಳ ಪ್ರತಿದಿನದ ತಪ್ಪು. ಒಂದೊಂದು ಹಬ್ಬಕ್ಕೂ ತಂಗಿ ಬಾಗಿಲಿಗೆ ಬಂದಾಗ ಇವನು ಹೊಸದಾಗಿ ಮಾಡಿದ ತಪ್ಪು.

ಕೆಂಪರಾಜು ಹದಿಮೂರನೇ ಪುಟ ಬಿಚ್ಚಿದ. "ರೇಖಾ, ಒಂದ್ ಕೆಲಸ ಮಾಡೋಣ. ಆ ಪೇಜಿನ ಮೇಲೆ ಒಂದು ಸ್ಟಿಕ್ಕರ್ ಅಂಟ್ಸಿದ್ರೆ? ಗೊತ್ತೇ ಆಗಲ್ಲ."

"ಗೊತ್ತಾಗ್ಬೇಕು ಬಾವ! ಅದೇ ತಾನೇ ವಿಷ್ಯ? ಮುಚ್ಚಿಟ್ಟಿದ್ದನ್ನ ಇನ್ನೊಂದ್ಸಲ ಮುಚ್ತೀನಿ ಅಂತೀಯಲ್ಲ."

ಅವಳು ಕಾರ್ಡನ್ನೂ ತಾರನ್ನೂ ಪುಸ್ತಕದೊಳಗಿಟ್ಟುಕೊಂಡು ಎದ್ದಳು. ಯಾರೂ ತಡೆಯಲಿಲ್ಲ.

*

ಅಂಗಡಿಗೆ ಬಂದು ಅಮ್ಮನ ಪಕ್ಕ ಕೂತು ಕಾರ್ಡು ಓದಿ ಹೇಳಿದಳು. ಮುನಿಲಕ್ಷ್ಮಮ್ಮ ಅಳಲಿಲ್ಲ. ಗಂಡನ ಅಕ್ಷರದ ಮೇಲೆ ಬೆರಳಾಡಿಸುತ್ತ, 'ಅಳುತ್ತಿದ್ದಾಳೆ' ಎಂಬುದು ಯಾವ ಜಾಗದಲ್ಲಿದೆ ಎಂದು ಕೇಳಿದಳು. ರೇಖಾ ತೋರಿಸಿದಳು. ಅಮ್ಮ ಅಲ್ಲೇ ಬೆರಳಿಟ್ಟುಕೊಂಡಳು.

"ನಾನೇ ಮರ್ತಿದ್ದೀನೇನೋ ಅಂತ ಎಷ್ಟೋ ಸಲ ಅಂದ್ಕೊಂಡಿದ್ದೀನಿ ಕಣೆ," ಅಂದಳು. "ಎಲ್ಲಾರೂ ಹೇಳಿದ್ದೇ ಹೇಳ್ತಿದ್ರೆ, ನಿಜವಾಗ್ಲೂ ನಾನು ಕಾಯ್ಬೇಡ ಅಂದ್ನೇನೋ ಅಂತ. ನಿಮ್ಮಪ್ಪನ್ ಮೇಲೂ ಅನುಮಾನ ಪಟ್ಟಿದ್ದೀನಿ. ನೀವೇ ಏನೋ ತಪ್ಪು ಬರ್ಸಿದ್ರಿ ಅಂತ ಜಗ್ಳ ಆಡಿದ್ದೀನಿ."

ರೇಖಾಗೆ ಅದು ಹೊಸ ವಿಷಯ. ಅಪ್ಪ ಅದನ್ನೂ ನುಂಗಿಕೊಂಡೇ ಹೋದ.

ಬುಧವಾರ ಬೋರಣ್ಣ ಆಟೋದಲ್ಲಿ ತಾನೇ ಬಂದ. ಅಂಗಡಿಯ ಮುಂದೆ ಇಳಿದು, ಮೆಟ್ಟಿಲು ಹತ್ತಲಾಗದೆ ಕೆಳಗೇ ನಿಂತ. ಮುನಿಲಕ್ಷ್ಮಮ್ಮ ಸ್ಟೂಲಿನಿಂದ ಏಳಲಿಲ್ಲ. ಅಣ್ಣ ಬಂದಾಗ ಅವಳು ಕೂತೇ ಇದ್ದದ್ದನ್ನು ರೇಖಾ ಮೊದಲ ಬಾರಿಗೆ ನೋಡಿದಳು.

"ಲಚ್ಮೀ, ತಪ್ಪಾಯ್ತು ಕಣಮ್ಮ. ಬುಕ್ಕೆಲ್ಲ ವಾಪಸ್ ತರ್ಸ್ತೀನಿ ಅಂದವ್ನೆ ಮಗ. ಭಾನ್ವಾರ ನೀನು ಬರ್ಬೇಕು. ನೀನಿಲ್ದೆ ಚೆನ್ನಾಗಿರಲ್ಲ."

"ಬರ್ತೀನಿ," ಅಂದಳು ಅವಳು. "ನೀನು ಆ ಕಾರ್ಡ್ನ ಮೈಕಲ್ಲಿ ಓದ್ಬೇಕು. ಊಟಕ್ ಮುಂಚೆ. ಎಲ್ಲಾರೂ ಇರೋವಾಗ."

"ಈ ವಯಸ್ಸಲ್ಲಿ ನನ್ ಮರ್ಯಾದೆ ತೆಗೀತೀಯಾ?"

"ನನ್ದು ಯಾವ್ ವಯಸ್ಸಲ್ಲಿ ತೆಗ್ದೆ ಅಣ್ಣ? ಮೂವತ್ತು ವರ್ಷ ನಂಗೆ ಆಗ. ಚೀಟಿ ತೋರ್ಸೋವಾಗ ಹತ್ತು ಜನ ಬೇಕಿತ್ತು ನಿಂಗೆ. ಈಗ ಒಬ್ಳ ಹತ್ರ ಬಂದು ತಪ್ಪಾಯ್ತು ಅಂತೀಯ."

ಬೋರಣ್ಣ ಆಟೋ ಕಂಬಿ ಹಿಡಿದುಕೊಂಡು ನಿಂತೇ ಇದ್ದ. ಆಮೇಲೆ ಹತ್ತಿ ಹೊರಟ.

ಭಾನುವಾರ ಛತ್ರ ತುಂಬಿತ್ತು. ಹೊಸಕೆರೆಹಳ್ಳಿ, ಕತ್ರಿಗುಪ್ಪೆ, ಇಟ್ಟಮಡುವಿನ ಹಳೇ ಊರಿನ ನೆಂಟರೆಲ್ಲ ಬಂದಿದ್ದರು. ಹಾರ, ಶಾಲು, ಪೇಟ ಮುಗಿದವು. ಪುಸ್ತಕ ಬಿಡುಗಡೆ ಇಲ್ಲವೆಂದು ಕೆಂಪರಾಜು ಅನೌನ್ಸ್ ಮಾಡಿದಾಗ ಗುಸುಗುಸು ಎದ್ದಿತು. ಬೋರಣ್ಣ ಓದುತ್ತಾನೋ ಇಲ್ಲವೋ ರೇಖಾಗೆ ಖಾತ್ರಿಯಿರಲಿಲ್ಲ. ಅವನು ಓದದಿದ್ದರೆ ತಾನೇ ವೇದಿಕೆ ಹತ್ತುವುದೆಂದು ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡೇ ಕೂತಿದ್ದಳು. ಮೂಲ ಕಾರ್ಡನ್ನು ಬೆಳಗ್ಗೆಯೇ ಮಾವನ ಕೈಗೆ ಕೊಟ್ಟಿದ್ದಳು.

ಮುದುಕ ಮೈಕಿನ ಮುಂದೆ ನಿಂತ. ಜೇಬಿನಿಂದ ಕಾರ್ಡು ತೆಗೆದು ಓದತೊಡಗಿದ. ದನಿ ಮೇಲೇಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಮುನಿಲಕ್ಷ್ಮಮ್ಮ ಮಂಡಿ ಹಿಡಿದುಕೊಂಡು ಎದ್ದು ನಿಂತಳು.

"ಗಟ್ಯಾಗ್ ಓದಣ್ಣ. ಹಿಂದಿನೋರ್ಗೆ ಕೇಳಿಸ್ತಿಲ್ಲ."

ಬೋರಣ್ಣ ಮೊದಲಿನಿಂದ ಓದಿದ, ಗಟ್ಟಿಯಾಗಿ. ಮಣ್ಣು ಮಾಡಬೇಡಿ ನಮಗಾಗಿ ಕಾಯಿರಿ ಎಂಬಲ್ಲಿಗೆ ಬಂದಾಗ ಒಂದು ಗಳಿಗೆ ನಿಂತು, ಮತ್ತೆ ಮುಂದುವರಿಸಿದ. ಓದಿ ಮುಗಿಸಿ, "ಈ ಕಾರ್ಡು ಅಪ್ಪನ್ನ ಮಣ್ಣು ಮಾಡಿದ ಎರಡನೇ ದಿನಕ್ಕೇ ನನ್ ಕೈಗೆ ಬಂದಿತ್ತು. ನಾನ್ ಹೇಳ್ಲಿಲ್ಲ. ನನ್ ತಂಗಿ ಕಾಯ್ಬೇಡ ಅಂದಿರ್ಲಿಲ್ಲ," ಅಂದ. ಅಷ್ಟು ಹೇಳಿ ಕುರ್ಚಿಗೆ ಹೋಗಿ ಕೂತುಬಿಟ್ಟ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬಿಬ್ಬರು ವಯಸ್ಸಾದ ಹೆಂಗಸರು ಸೆರಗು ಬಾಯಿಗೆ ಹಿಡಿದರು. ನಗುನಗುತ್ತ ಚುಚ್ಚುತ್ತಿದ್ದವರು ಅವರೇ. ಈಗ ಅವರು ಮುನಿಲಕ್ಷ್ಮಮ್ಮನ ಕಡೆ ನೋಡಲಾರದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುನಿಲಕ್ಷ್ಮಮ್ಮ ಊಟಕ್ಕೆ ನಿಲ್ಲಲಿಲ್ಲ. "ನಡಿ," ಎಂದು ಮಗಳ ಭುಜ ಹಿಡಿದು ಹೊರಟಳು. ಬಾಗಿಲಲ್ಲಿ ಕೆಂಪರಾಜು ಅಡ್ಡ ಬಂದ. ಅವನ ಮುಖ ಕಪ್ಪಿಟ್ಟಿತ್ತು.

"ಅಪ್ಪನ್ನ ಎಲ್ಲಾರ್ ಮುಂದೆ ನಿಲ್ಸಾಯ್ತು. ಈಗ ಸಮಾಧಾನ ಆಯ್ತಾ ರೇಖಾ?"

ರೇಖಾ ಯೋಚಿಸಿದಳು. ಸಮಾಧಾನಕ್ಕಾಗಿ ತನ್ನೊಳಗೆ ಹುಡುಕಿ ನೋಡಿದಳು. ರಾತ್ರಿ ರೈಲಿನಲ್ಲಿ ಅಮ್ಮನ ತೊಡೆಯ ಮೇಲೆ ಮಲಗಿದ್ದದ್ದು, ಅಮ್ಮ ಪ್ರತಿ ನಿಲ್ದಾಣದಲ್ಲೂ ಬೆಂಗಳೂರು ಬಂತಾ ಎಂದು ಕೇಳುತ್ತಿದ್ದದ್ದು ಮಸುಕಾಗಿ ನೆನಪಾಯಿತು. ಅಷ್ಟು ಹೊತ್ತಿಗಾಗಲೇ ಇಲ್ಲಿ ಮಣ್ಣು ಮುಚ್ಚಿಯಾಗಿತ್ತು.

"ಇಲ್ಲ ಬಾವ," ಅಂದಳು. "ಆಗಿಲ್ಲ."

ಅವನನ್ನು ಸರಿಸಿ, ಅಮ್ಮನ ಕೈ ಹಿಡಿದು ಮೆಟ್ಟಿಲಿಳಿಸಿದಳು.